ಕಣ್ಣು ಓಡುವ ದಿಕ್ಕು

ನಾವು ಹುಡುಗಿಯರಾಗಿದ್ದಾಗ ಪಂಚಮಿಯ ಹಬ್ಬದಲ್ಲಿ ಜೋಕಾಲಿ ಆಡಿ ಸಾಕಾದರೆ ಫುಗಡಿಗೆ ಇಳಿಯುತ್ತಿದ್ದೆವು. ಇಬ್ಬರು ಎದುರುಬದುರು ನಿಂತು, ಕೈಗೆ ಕೈ ಕತ್ತರಿ ಹಾಕಿ ಹಿಡಿದು, ಹಿಂದಕ್ಕೆ ಬಾಗಿ ಗಿರಗಿರನೆ ತಿರುಗುವ ಆಟ. ತಿರುಗಿ ತಿರುಗಿ ಗಕ್ಕನೆ ನಿಂತಾಗ ಅಂಗಳ, ಬೇವಿನ ಗಿಡ, ಕಟ್ಟೆಯ ಮೇಲೆ ಕುಳಿತ ಅಜ್ಜಿ ಎಲ್ಲರೂ ನಮ್ಮ ಸುತ್ತ ತಿರುಗುತ್ತಿದ್ದರು. ನನಗೆ ಅದರಲ್ಲಿ ಇನ್ನೊಂದು ಮೋಜು ಇತ್ತು. ನಿಂತ ಕೂಡಲೇ ಗೆಳತಿಯ ಮುಖ ಹಿಡಿದು ಅವಳ ಕಣ್ಣು ನೋಡುತ್ತಿದ್ದೆ. ಕರಿ ಗುಡ್ಡೆಗಳೆರಡೂ ಒಂದು ಕಡೆಗೆ ಮೆಲ್ಲಗೆ ಜಾರಿ, ಇನ್ನೊಂದು ಕಡೆಗೆ ಫಕ್ಕನೆ ಜಿಗಿಯುತ್ತಿದ್ದವು. ಜಾರುವುದು, ಜಿಗಿಯುವುದು, ಮತ್ತೆ ಜಾರುವುದು. ಹತ್ತಿಪ್ಪತ್ತು ಎಣಿಸುವುದರೊಳಗೆ ತಾನಾಗಿ ನಿಂತುಬಿಡುತ್ತಿತ್ತು. ಮುಂದೆ ಇದೇ ನೋಟ ನನ್ನ ಹೊಟ್ಟೆಪಾಡಾಗುತ್ತದೆ ಎಂದು ಆಗ ಯಾರಾದರೂ ಹೇಳಿದ್ದರೆ ನಗುತ್ತಿದ್ದೆ.

ನಾನು ಕಿವಿ, ಮೂಗು, ಗಂಟಲಿನ ವೈದ್ಯೆ. ಧಾರವಾಡ ಸೀಮೆಯ ಒಂದು ಊರಿನಲ್ಲಿ ಮೂವತ್ತು ವರ್ಷದ ಮೇಲೆ ದವಾಖಾನೆ ನಡೆಸಿದ್ದೇನೆ. ನಮ್ಮ ಕಡೆ ತಲೆ ತಿರುಗುವುದಕ್ಕೆ ಚಕ್ಕರು ಬರುವುದು, ಬವಳಿ ಬರುವುದು ಎಂದು ನಾಲ್ಕಾರು ಹೆಸರುಗಳಿವೆ. ಅದರಲ್ಲಿ ಕಣ್ಣು ಕತ್ತಲೆ ಬರುವುದೂ ಸೇರಿಹೋಗುತ್ತದೆ, ಊಟ ಬಿಟ್ಟು ನಿತ್ರಾಣವಾದದ್ದೂ ಸೇರಿಹೋಗುತ್ತದೆ. ನಾನು ಇಲ್ಲಿ ಹೇಳುತ್ತಿರುವುದು ಮನೆಯೇ ತಿರುಗುವ ಜಾತಿಯದನ್ನು: ಫುಗಡಿ ಆಡದೆ ಬರುವ, ಎಣಿಸಿದರೂ ನಿಲ್ಲದ, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಇರುವ ಚಕ್ಕರು. ಇದಕ್ಕೆ ಎರಡು ತವರುಮನೆ. ಒಂದು ಒಳಗಿವಿ, ಇನ್ನೊಂದು ಮೆದುಳಿನ ಹಿಂಭಾಗ. ಮೊದಲನೆಯದು ರೋಗಿಯನ್ನು ಹೈರಾಣು ಮಾಡುತ್ತದೆಯೇ ಹೊರತು ಸಾಮಾನ್ಯವಾಗಿ ಜೀವ ತೆಗೆಯುವುದಿಲ್ಲ. ಎರಡನೆಯದು ತೆಗೆಯಬಲ್ಲದು. ಹೊರಗಿನಿಂದ ನೋಡಿದರೆ ಎರಡೂ ಒಂದೇ: ವಾಂತಿ, ಬೆವರು, ಮುಚ್ಚಿದ ಕಣ್ಣು, ಮಂಚದ ಪಟ್ಟಿ ಬಿಗಿಹಿಡಿದ ಕೈ.

2004ರ ಸಂಕ್ರಾಂತಿಯ ವಾರ. ನಮ್ಮ ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುತ್ತಿದ್ದ ಅವ್ವನನ್ನು ಮಗ ಆಟೋದಲ್ಲಿ ಕರೆತಂದ. ಐವತ್ತಾರು ವರ್ಷ, ಸಕ್ಕರೆ ಕಾಯಿಲೆ, ಬೇಕಾದಾಗ ನುಂಗಿ ಬೇಡಾದಾಗ ಬಿಡುವ ಬಿಪಿ ಗುಳಿಗೆ. ಮುಂಜಾನೆ ರೊಟ್ಟಿ ಬಡಿಯುತ್ತಿದ್ದಾಗ ಒಮ್ಮೆಲೇ ಹಂಚು, ಒಲೆ ಎಲ್ಲ ತಿರುಗಿದಂತಾಗಿ ಕುಳಿತಲ್ಲೇ ಮಗ್ಗುಲಿಗೆ ವಾಲಿದರಂತೆ. ಎರಡು ಸಲ ವಾಂತಿ. "ತಲಿ ಗಿರಿಗಿರಿ ತಿರಗತೈತ್ರೀ ಬಾಯಾರ, ಬ್ಯಾರೇ ಏನೂ ಇಲ್ಲ. ಒಂದು ಸೂಜಿ ಮಾಡಿ ಕಳಸ್ರಿ, ಮಧ್ಯಾಹ್ನಕ್ಕ ನಲವತ್ತು ಮಂದಿ ಊಟಕ್ಕ ಬರತಾರ," ಎಂದರು. ಮಾತು ಸ್ಪಷ್ಟ. ಬಾಯಿ ಸೊಟ್ಟಗಾಗಿಲ್ಲ. ಕೈಕಾಲಿನ ಶಕ್ತಿ ಸರಿಯಾಗಿದೆ.

ನಾನು ಬೇಜವಾಬ್ದಾರಿಯಿಂದ ನೋಡಲಿಲ್ಲ. ಅದೇ ನನಗೆ ಇಂದಿಗೂ ಚುಚ್ಚುವ ಮಾತು. ಕಣ್ಣು ನೋಡಿದೆ. ನೇರ ನೋಡಿದಾಗ ಗುಡ್ಡೆಗಳು ಬಲಕ್ಕೆ ಸಣ್ಣಗೆ ಜಿಗಿಯುತ್ತಿದ್ದವು. ಆಚೀಚೆ ನೋಡಿಸಿ, ಕಂಡದ್ದನ್ನು ಚೀಟಿಯಲ್ಲಿ ಬರೆದೆ. ಆಮೇಲೆ ಒಂದು ಪರೀಕ್ಷೆ ಮಾಡಿದೆ. ಸಿಡ್ನಿಯ ಹಲ್ಮಾಗಿ ಮತ್ತು ಕರ್ತಾಯ್ಸ್ ಎಂಬ ಇಬ್ಬರು 1988ರಲ್ಲಿ ಬರೆದು ತಿಳಿಸಿದ, ತಲೆಯನ್ನು ಫಕ್ಕನೆ ತಿರುಗಿಸಿ ನೋಡುವ ಪರೀಕ್ಷೆ ಅದು. ಎರಡೂ ಕಡೆಗೆ ನಾರ್ಮಲ್ ಬಂತು. "ಛಲೋ ಆತು" ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಮಗನ ಸಮಾಧಾನಕ್ಕೆಂದು ಸಿ.ಟಿ. ಸ್ಕ್ಯಾನ್ ಮಾಡಿಸಿದೆ, ಅದೂ ನಾರ್ಮಲ್. ಕಿವಿಯ ತೊಂದರೆ ಎಂದು ಹೇಳಿ, ಸೂಜಿ ಕೊಟ್ಟು, ಗುಳಿಗೆ ಬರೆದು ಮನೆಗೆ ಕಳಿಸಿದೆ.

ಆ ಪರೀಕ್ಷೆ ನಾರ್ಮಲ್ ಬಂದದ್ದೇ ಕೆಟ್ಟ ಸುದ್ದಿಯಾಗಿತ್ತು. ಅದು ಹೇಗೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನೀವು ಈಗ ಓದುತ್ತಿರುವ ಈ ಪುಟವನ್ನೇ ಒಂದು ಕೈಯಳತೆ ದೂರ ಹಿಡಿದು, ತಲೆ ಅಲುಗಿಸದೆ, ಪುಟವನ್ನು ಎಡಕ್ಕೂ ಬಲಕ್ಕೂ ಬೇಗಬೇಗ ಆಡಿಸಿರಿ. ಅಕ್ಷರಗಳೆಲ್ಲ ಕಲಸಿಹೋಗುತ್ತವೆ. ಈಗ ಪುಟವನ್ನು ಹಾಗೇ ಹಿಡಿದು, ಇನ್ನೊಂದು ಹೋಳಿಗೆ ಬೇಡ ಎನ್ನುವಾಗ ಆಡಿಸುತ್ತೀರಲ್ಲ, ಹಾಗೆ ತಲೆಯನ್ನು ಅಷ್ಟೇ ವೇಗದಲ್ಲಿ ಆಡಿಸಿರಿ. ಓದಲು ಬರುತ್ತದೆ. ಆಡುವುದು ಪುಟವಾದರೂ ತಲೆಯಾದರೂ ಕಣ್ಣಿಗೆ ಒಂದೇ ಆಗಬೇಕಿತ್ತು, ಆದರೆ ಆಗುವುದಿಲ್ಲ. ತಲೆ ಬಲಕ್ಕೆ ಎಷ್ಟು ತಿರುಗುತ್ತದೋ ಕಣ್ಣು ಅಷ್ಟೇ ಎಡಕ್ಕೆ ತಿರುಗಿ ನೋಟವನ್ನು ಅಲ್ಲೇ ನಿಲ್ಲಿಸುತ್ತದೆ. ನಾವು ನಡೆಯುವಾಗ ಎದುರು ಬರುವವರ ಮುಖ ಕುಣಿಯದೆ ಕಾಣುವುದು ಇದರಿಂದಲೇ. ವೈದ್ಯರ ಭಾಷೆಯಲ್ಲಿ ಇದಕ್ಕೆ ವೆಸ್ಟಿಬ್ಯುಲೋ-ಆಕ್ಯುಲರ್ ರಿಫ್ಲೆಕ್ಸ್ ಎಂದು ಹೆಸರು. ಕಿವಿಗೂ ಕಣ್ಣಿಗೂ ಇರುವ ಒಂದು ಒಳಒಪ್ಪಂದ ಎಂದರೆ ಸಾಕು.

ಒಪ್ಪಂದದ ದಾರಿ ಬಹಳ ಚಿಕ್ಕದು. ಒಳಗಿವಿಯಲ್ಲಿ ನೀರು ತುಂಬಿದ ಮೂರು ಬಳೆಯಾಕಾರದ ನಾಳಗಳಿವೆ. ತಲೆ ತಿರುಗಿದಾಗ ನೀರು ಹಿಂದೆ ಉಳಿದು ಒಂದು ಮೆತ್ತನೆಯ ಪರದೆಯನ್ನು ಬಾಗಿಸುತ್ತದೆ. ಅಲ್ಲಿಂದ ಮೊದಲನೆಯ ನರ ಮೆದುಳಿನ ಕಾಂಡಕ್ಕೆ ಸುದ್ದಿ ಒಯ್ಯುತ್ತದೆ. ಎರಡನೆಯದು ಕಾಂಡದೊಳಗೇ ಅದನ್ನು ದಾಟಿಸುತ್ತದೆ. ಮೂರನೆಯದು ಕಣ್ಣಿನ ಸ್ನಾಯುವಿಗೆ ಮುಟ್ಟಿಸುತ್ತದೆ. ಮೂರೇ ನರ, ಮುಗಿಯಿತು. ಸೆಕೆಂಡಿನ ನೂರನೇ ಒಂದು ಭಾಗದೊಳಗೆ ಕಣ್ಣು ಹೊರಟಿರುತ್ತದೆ. ನೋಡಿ, ತಿಳಿದು, ಆಮೇಲೆ ಕಣ್ಣು ತಿರುಗಿಸುವುದಾದರೆ ಇದರ ಹತ್ತು ಪಟ್ಟು ಹೊತ್ತು ಬೇಕು. (ಫುಗಡಿಯಲ್ಲಿ ನಾವು ನಿಂತರೂ ಆ ನೀರು ತಿರುಗುತ್ತಲೇ ಇರುತ್ತಿತ್ತು. ಗೆಳತಿಯ ಕಣ್ಣಿಗೆ ಕಿವಿ ಸುಳ್ಳು ಸುದ್ದಿ ಕಳಿಸುತ್ತಿತ್ತು ಅಷ್ಟೆ.)

ಈ ನರಗಳು ನಾವು ಸುಮ್ಮನೆ ಕುಳಿತಾಗಲೂ ಸುಮ್ಮನಿರುವುದಿಲ್ಲ. ಮಂಗಗಳಲ್ಲಿ ಅಳೆದು ನೋಡಿದ್ದಾರೆ, ಒಂದೊಂದು ನರವೂ ಸೆಕೆಂಡಿಗೆ ಸುಮಾರು 90 ಸಲ ಮಿಡಿಯುತ್ತದೆ. ಎಡಗಿವಿ, ಬಲಗಿವಿ ಎರಡೂ ಒಂದೇ ಜೋರಿನಲ್ಲಿ ಮಿಡಿಯುತ್ತಿರುವುದರಿಂದ ತಲೆ ನೆಟ್ಟಗಿದೆ ಎಂದು ಮೆದುಳು ತಿಳಿಯುತ್ತದೆ. ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಸಮನಾಗಿ ಎಳೆದರೆ ಬಂಡಿ ನೆಟ್ಟಗೆ ಹೋದ ಹಾಗೆ. ಎಡಗಡೆಯ ಎತ್ತು ಒಮ್ಮೆಲೇ ಕುಸಿದರೆ ಬಲಗಡೆಯದು ಒಂದೇ ಎಳೆಯುತ್ತದೆ, ಬಂಡಿ ತಿರುಗುತ್ತದೆ. ಎಡಗಿವಿಯ ನರ ಸುಮ್ಮನಾದರೆ ತಲೆ ಬಲಕ್ಕೆ ತಿರುಗುತ್ತಿದೆ ಎಂದು ಮೆದುಳಿಗೆ ಭ್ರಮೆಯಾಗುತ್ತದೆ. ಒಪ್ಪಂದದ ಪ್ರಕಾರ ಕಣ್ಣು ಎಡಕ್ಕೆ ಮೆಲ್ಲಗೆ ಜಾರುತ್ತದೆ. ಅಂಚಿಗೆ ಹೋಗಿ ಸಿಕ್ಕಿಕೊಳ್ಳುವ ಮೊದಲು ಮೆದುಳು ಅದನ್ನು ಬಲಕ್ಕೆ ಫಕ್ಕನೆ ಎಳೆದು ತರುತ್ತದೆ. ಮತ್ತೆ ಜಾರುತ್ತದೆ. ಕಣ್ಣಿನ ಈ ಓಟಕ್ಕೆ ನಿಸ್ಟಾಗ್ಮಸ್ ಎಂದು ಹೆಸರು. ಜಾರುವುದು ಕೆಟ್ಟ ಕಿವಿಯ ಕಡೆಗೆ, ಜಿಗಿಯುವುದು ಒಳ್ಳೆಯ ಕಿವಿಯ ಕಡೆಗೆ. ನಮಗೆ ಎದ್ದು ಕಾಣುವುದು ಜಿಗಿತವಾದ್ದರಿಂದ ದಿಕ್ಕನ್ನು ಅದರಿಂದಲೇ ಹೆಸರಿಸುತ್ತೇವೆ.

ಇದನ್ನು ಮೊದಲು ಸರಿಯಾಗಿ ಬಿಡಿಸಿದವನು ವಿಯೆನ್ನಾದ ರಾಬರ್ಟ್ ಬಾರಾನಿ. ಅವನೂ ನನ್ನ ಹಾಗೆ ಕಿವಿ ತೊಳೆಯುವ ವೈದ್ಯ. ತಣ್ಣೀರಿನಿಂದ ಕಿವಿ ತೊಳೆದರೆ ರೋಗಿಗೆ ಚಕ್ಕರು ಬಂದು ಕಣ್ಣು ಒಂದು ಕಡೆಗೆ ಓಡುತ್ತಿತ್ತು. ಒಬ್ಬ ರೋಗಿ ನೀರು ತಣ್ಣಗಾಯಿತೆಂದು ದೂರಿದಾಗ ಬಿಸಿ ಮಾಡಿಸಿದ. ಅದು ಹೆಚ್ಚು ಬಿಸಿಯಾಯಿತು, ಕಣ್ಣು ಉಲ್ಟಾ ದಿಕ್ಕಿಗೆ ಓಡಿತು. ನಾವಾದರೆ ಕ್ಷಮೆ ಕೇಳಿ ನೀರು ಬೆರೆಸುತ್ತಿದ್ದೆವು. ಅವನು ಕುಳಿತು ಯೋಚಿಸಿದ. 1914ರ ನೊಬೆಲ್ ಬಹುಮಾನ ಅವನಿಗೆ ಬಂದಾಗ ಅವನು ರಷ್ಯದಲ್ಲಿ ಯುದ್ಧಕೈದಿಯಾಗಿದ್ದ.

ಇನ್ನು ತಲೆ ತಿರುಗಿಸುವ ಪರೀಕ್ಷೆಗೆ ಬರುತ್ತೇನೆ. ರೋಗಿಯನ್ನು ಎದುರು ಕೂರಿಸಿ, ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, "ನನ್ನ ಮೂಗು ನೋಡ್ರಿ, ಬಿಡಬ್ಯಾಡ್ರಿ" ಎನ್ನುತ್ತೇನೆ. ಅವರಿಗೆ ಗೊತ್ತಾಗದ ಹಾಗೆ, ಯಾವ ಕಡೆಗೆಂದೂ ಹೇಳದೆ, ತಲೆಯನ್ನು ಹತ್ತು ಹದಿನೈದು ಡಿಗ್ರಿಯಷ್ಟು ಚುರುಕಾಗಿ ತಿರುಗಿಸುತ್ತೇನೆ. ದೂರ ತಿರುಗಿಸಬೇಕಿಲ್ಲ, ವೇಗ ಮುಖ್ಯ. ಒಪ್ಪಂದ ಗಟ್ಟಿಯಿದ್ದರೆ ಕಣ್ಣು ನನ್ನ ಮೂಗಿನ ಮೇಲೇ ಅಂಟಿಕೊಂಡಿರುತ್ತದೆ. ಎಡಗಿವಿ ಕೆಟ್ಟಿದ್ದು ತಲೆಯನ್ನು ಎಡಕ್ಕೆ ತಿರುಗಿಸಿದರೆ ಸುದ್ದಿ ಹೊರಡುವುದೇ ಇಲ್ಲ. ಕಣ್ಣು ತಲೆಯ ಜೊತೆಗೇ ಎಡಕ್ಕೆ ಹೋಗಿಬಿಡುತ್ತದೆ. ಮೂಗು ತಪ್ಪಿತೆಂದು ತಿಳಿದ ಮೇಲೆ, ತಡವಾಗಿ, ಒಂದು ಜಿಗಿತದಲ್ಲಿ ಮರಳಿ ಬರುತ್ತದೆ. ಆ ಜಿಗಿತ ಕಂಡರೆ ಪರೀಕ್ಷೆ ಅಬ್‌ನಾರ್ಮಲ್. ಕುತ್ತಿಗೆಯ ಎಲುಬು ಸವೆದವರಿಗೆ ಇದನ್ನು ಬಹಳ ಎಚ್ಚರದಿಂದ ಮಾಡಬೇಕು, ಕೆಲವರಿಗೆ ಮಾಡಲೇಬಾರದು. ಮನೆಯಲ್ಲಿ ಯಾರೂ ಯಾರ ಮೇಲೂ ಪ್ರಯೋಗ ಮಾಡಬೇಡಿ.

ಈಗ ಖಾನಾವಳಿಯ ಅವ್ವನ ವಿಷಯ. ಮೂರು ದಿನವಾದರೂ ಕಣ್ಣು ಓಡುವಷ್ಟು ಚಕ್ಕರು ಹುಟ್ಟಿಸುವ ಹಾಗೆ ಒಳಗಿವಿಯ ನರ ಕೆಟ್ಟಿದ್ದರೆ ಆ ಮೂರು ನರದ ದಾರಿ ಮುರಿದಿರಬೇಕು. ತಲೆ ತಿರುಗಿಸಿದಾಗ ಅದು ಕಾಣಬೇಕು. ದಾರಿ ನೆಟ್ಟಗಿದೆ, ಆದರೂ ಮನೆ ತಿರುಗುತ್ತಿದೆ ಎಂದರೆ ಕೇಡು ಆ ದಾರಿಯ ಆಚೆ ಎಲ್ಲಿಯೋ ಇದೆ. ಹೆಚ್ಚಾಗಿ ಚಿಕ್ಕ ಮೆದುಳಿನಲ್ಲಿ, ಯಾಕೆಂದರೆ ಈ ಚಿಕ್ಕ ದಾರಿ ಚಿಕ್ಕ ಮೆದುಳನ್ನು ಹಾಯುವುದೇ ಇಲ್ಲ. ಮನೆಯಲ್ಲಿ ದೀಪ ಹೋದಾಗ ಮೊದಲು ಫ್ಯೂಸ್ ನೋಡುತ್ತೇವೆ. ಫ್ಯೂಸ್ ಹೋಗಿದ್ದರೆ ತಂತಿ ಕಟ್ಟಿ ಮುಗಿಸುತ್ತೇವೆ. ಫ್ಯೂಸ್ ಸರಿಯಾಗಿದ್ದರೆ ಅದು ಸಂತೋಷದ ವಿಷಯವಲ್ಲ, ಕಂಬದಲ್ಲೋ ಟ್ರಾನ್ಸ್‌ಫಾರ್ಮರಿನಲ್ಲೋ ಏನೋ ಆಗಿದೆ ಎಂದರ್ಥ. ನಾನು ಫ್ಯೂಸ್ ಸರಿಯಾಗಿದೆಯೆಂದು ಖುಷಿಪಟ್ಟು ಕತ್ತಲೆಯಲ್ಲಿ ಕುಳಿತವರನ್ನು ಹಾಗೆಯೇ ಬಿಟ್ಟು ಬಂದಿದ್ದೆ. ವೈದ್ಯರಿಗೆ ಎಲ್ಲ ಪರೀಕ್ಷೆಯಲ್ಲಿಯೂ ನಾರ್ಮಲ್ ಎಂಬ ಶಬ್ದ ಕೇಳಿ ಕೇಳಿ ಕಿವಿಗೆ ಹಿತವಾಗಿಬಿಟ್ಟಿರುತ್ತದೆ.

ಎರಡನೇ ದಿನ ರಾತ್ರಿ ಮಗ ಬಾಗಿಲು ಬಡಿದ. ಅವ್ವನಿಗೆ ಹಿಂದಲೆ ಸಿಡಿಯುವ ನೋವು, ಕರೆದರೆ ಮಾತ್ರ ಕಣ್ಣು ತೆರೆಯುತ್ತಾರೆ. ಜೀಪಿನಲ್ಲಿ ಹಾಕಿ ದೊಡ್ಡ ಊರಿನ ಆಸ್ಪತ್ರೆಗೆ ಒಯ್ದೆವು. ಚಿಕ್ಕ ಮೆದುಳಿನ ಕೆಳಭಾಗಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡು ಅಲ್ಲಿಯ ಭಾಗ ಸತ್ತು ಊದಿಕೊಂಡಿತ್ತು. ತಲೆಬುರುಡೆಯ ಆ ಹಿಂಭಾಗ ಬಹಳ ಇಕ್ಕಟ್ಟಿನ ಜಾಗ. ಊತ ಮುಂದೆ ಒತ್ತಿದರೆ ಉಸಿರಾಟ ನಡೆಸುವ ಕಾಂಡವೇ ಸಿಕ್ಕುತ್ತದೆ. ಅದೇ ರಾತ್ರಿ ಹಿಂದಿನ ಎಲುಬು ತೆಗೆದು ಜಾಗ ಮಾಡಿಕೊಟ್ಟರು. ಮೊದಲ ದಿನದ ಸಿ.ಟಿ. ಯಾಕೆ ನಾರ್ಮಲ್ ಬಂತೆಂದು ಮಗ ಕೇಳಿದ. ರಕ್ತಸ್ರಾವವಾಗಿದ್ದರೆ ಸಿ.ಟಿ.ಯಲ್ಲಿ ಕೂಡಲೇ ಕಾಣುತ್ತದೆ. ರಕ್ತ ಕಟ್ಟಿ ಸತ್ತ ಭಾಗ, ಅದೂ ದಪ್ಪ ಎಲುಬುಗಳ ನಡುವಿನ ಆ ಮೂಲೆಯಲ್ಲಿ, ಮೊದಲ ಗಂಟೆಗಳಲ್ಲಿ ಬಹುಪಾಲು ಕಾಣುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸಮಾಧಾನಕ್ಕೆಂದು ಮಾಡಿಸಿದ್ದೆ, ಸಮಾಧಾನ ಸಿಕ್ಕಿತ್ತು.

ಮರುದಿನ ದವಾಖಾನೆಗೆ ಬಂದು ಅವರ ಚೀಟಿ ತೆಗೆದು ಓದಿದೆ. ನನ್ನದೇ ಅಕ್ಷರ: ಬಲಕ್ಕೆ ನೋಡಿದಾಗ ಬಲಕ್ಕೆ ಜಿಗಿತ, ಎಡಕ್ಕೆ ನೋಡಿದಾಗ ಎಡಕ್ಕೆ ಜಿಗಿತ.

ಕಿವಿಯಿಂದ ಹುಟ್ಟಿದ ಓಟ ಹೀಗೆ ದಿಕ್ಕು ಬದಲಿಸುವುದಿಲ್ಲ. ಎಡಗಿವಿ ಕೆಟ್ಟು ಕಣ್ಣು ಬಲಕ್ಕೆ ಜಿಗಿಯುತ್ತಿದ್ದರೆ, ಬಲಕ್ಕೆ ನೋಡಿದಾಗ ಜೋರಾಗುತ್ತದೆ, ಎಡಕ್ಕೆ ನೋಡಿದಾಗ ತಗ್ಗುತ್ತದೆ ಅಥವಾ ನಿಲ್ಲುತ್ತದೆ. ಎಡಕ್ಕೆ ಜಿಗಿಯುವುದು ಮಾತ್ರ ಇಲ್ಲ. ಕುಂಟೆತ್ತು ಯಾವುದೆಂಬುದು ನೋಟ ತಿರುಗಿಸಿದ ಮಾತ್ರಕ್ಕೆ ಬದಲಾಗುವುದಿಲ್ಲವಲ್ಲ. ಎರಡೂ ಕಡೆಗೆ ಜಿಗಿಯುತ್ತಿದ್ದರೆ ಕಥೆ ಬೇರೆ. ಕಣ್ಣನ್ನು ಒಂದು ಮಗ್ಗುಲಿಗೆ ತಿರುಗಿಸಿ ಅಲ್ಲೇ ಹಿಡಿದು ನಿಲ್ಲಿಸುವ ಕೆಲಸ ಮೆದುಳಿನ ಕಾಂಡ ಮತ್ತು ಚಿಕ್ಕ ಮೆದುಳಿನದು. ಆ ಹಿಡಿತ ಸಡಿಲಾದರೆ, ಚಿಲಕ ಸವೆದ ಬಾಗಿಲಿನ ಹಾಗೆ, ತಿರುಗಿಸಿದ ಕಣ್ಣು ನಡುವಿಗೆ ಜಾರಿ ಬರುತ್ತದೆ. ಮತ್ತೆ ಹೊರಕ್ಕೆ ಜಿಗಿಯುತ್ತದೆ. ಬಲಕ್ಕೆ ನೋಡಿದರೆ ಬಲಕ್ಕೆ, ಎಡಕ್ಕೆ ನೋಡಿದರೆ ಎಡಕ್ಕೆ. ಹಾಗೆಯೇ ಬರೀ ಮೇಲಕ್ಕೆ ಇಲ್ಲವೇ ಬರೀ ಕೆಳಕ್ಕೆ ಓಡುವ ಕಣ್ಣು ಕಂಡರೂ ಕಿವಿಯನ್ನು ಬಿಟ್ಟು ಮೆದುಳಿನ ಕಡೆ ಹೊರಳಬೇಕು.

ಇದನ್ನು ಬರೆದ ನಾನೇ ಯಾಕೆ ಓದಲಿಲ್ಲ? ಕಣ್ಣಂಚಿನ ತುದಿಗೆ ನೋಡಿಸಿದರೆ ಆರೋಗ್ಯವಂತರ ಕಣ್ಣೂ ಎರಡು ಮೂರು ಸಲ ಜಿಗಿದು ನಿಲ್ಲುತ್ತದೆ. ಅದೇ ಇದಿರಬೇಕು ಎಂದು ತೇಲಿಸಿಬಿಟ್ಟಿದ್ದೆ. ತುದಿಗೆ ಹೋಗದೆ, ಅರ್ಧದಾರಿಯಲ್ಲಿ ನಿಲ್ಲಿಸಿ, ಹತ್ತು ಎಣಿಸುವವರೆಗೆ ನೋಡಬೇಕಿತ್ತು. ಇನ್ನೊಂದನ್ನು ಬರೆದೂ ಇರಲಿಲ್ಲ. ಆ ದಿನ ಅವರು ಸ್ಟೂಲಿನ ಮೇಲೆ ಆಧಾರವಿಲ್ಲದೆ ಕೂರಲಾರದೆ ಮಗನ ತೋಳಿಗೆ ಜೋತುಬಿದ್ದಿದ್ದರು. ಕಿವಿಯ ಚಕ್ಕರಿನವರು ಒಂದು ಕಡೆ ವಾಲುತ್ತಾರೆ, ಹಿಡಿದುಕೊಂಡು ನಡೆಯುತ್ತಾರೆ, ಆದರೆ ಸಾಮಾನ್ಯವಾಗಿ ಕೂರಬಲ್ಲರು. ಎರಡು ಕೈ ಮಡಿಲಲ್ಲಿಟ್ಟು ಕೂರಲೂ ಆಗದಿದ್ದರೆ ಅದು ಚಿಕ್ಕ ಮೆದುಳಿನ ಮಾತು.

ಐದು ವರ್ಷದ ಮೇಲೆ, 2009ರಲ್ಲಿ, ಅಮೆರಿಕದ ಪಿಯೋರಿಯಾ ಎಂಬ ಊರಿನ ವೈದ್ಯರು ತಮ್ಮ ಜೊತೆಗಾರರೊಡನೆ ಒಂದು ಲೇಖನ ಪ್ರಕಟಿಸಿದರು. ಪಾರ್ಶ್ವವಾಯು ಬರುವ ಸಂಭವವಿದ್ದ, ಒಂದೇ ಸಮನೆ ಚಕ್ಕರು ಬರುತ್ತಿದ್ದ 101 ರೋಗಿಗಳಲ್ಲಿ ಅವರು ಮೂರೇ ವಿಷಯ ನೋಡಿದ್ದರು. ತಲೆ ತಿರುಗಿಸಿದಾಗ ಕಣ್ಣು ಏನು ಮಾಡುತ್ತದೆ. ಕಣ್ಣಿನ ಓಟ ದಿಕ್ಕು ಬದಲಿಸುತ್ತದೆಯೇ. ಒಂದಾದ ಮೇಲೆ ಒಂದು ಕಣ್ಣು ಮುಚ್ಚಿ ತೆಗೆದರೆ ತೆರೆದ ಕಣ್ಣು ಮೇಲಕ್ಕೋ ಕೆಳಕ್ಕೋ ಸರಿದು ಸರಿಹೊಂದುತ್ತದೆಯೇ. ಈ ಮೂರನೆಯದು ಎರಡೂ ಕಣ್ಣು ಒಂದೇ ಮಟ್ಟದಲ್ಲಿಲ್ಲ ಎಂಬುದನ್ನು ತೋರಿಸುತ್ತದೆ, ಅದು ಹೆಚ್ಚಾಗಿ ಕಾಂಡದ ತೊಂದರೆಯಲ್ಲಿ ಬರುತ್ತದೆ. ಮೂರರಲ್ಲಿ ಒಂದಾದರೂ ಮೆದುಳಿನ ಕಡೆ ಬೊಟ್ಟು ಮಾಡಿದರೆ ಪಾರ್ಶ್ವವಾಯು ಎಂದೇ ತಿಳಿಯಬೇಕು. ಅವರ ರೋಗಿಗಳಲ್ಲಿ ಈ ರೀತಿ ಒಂದು ಪಾರ್ಶ್ವವಾಯುವೂ ತಪ್ಪಿಹೋಗಿರಲಿಲ್ಲ. ಮೊದಲ ಎಂ.ಆರ್.ಐ. ಮಾತ್ರ ಪಾರ್ಶ್ವವಾಯು ಆಗಿದ್ದವರಲ್ಲಿ 100ಕ್ಕೆ 12ರಷ್ಟು ಜನರಲ್ಲಿ ಏನೂ ತೋರಿಸಿರಲಿಲ್ಲ. ಅವೆಲ್ಲ ತೊಂದರೆ ಶುರುವಾಗಿ 48 ಗಂಟೆಯೊಳಗೆ ತೆಗೆದವು. ಕೈ ಪಳಗಿದವರು ಮಾಡಿದ ಪರೀಕ್ಷೆ ಅದು, ಎಲ್ಲರ ಕೈಯಲ್ಲೂ ಅಷ್ಟು ನಿಖರ ಬರುವುದಿಲ್ಲ ಎಂದು ಮುಂದೆ ಗೊತ್ತಾಗಿದೆ. ನಾನು ಆ ಲೇಖನ ಓದಿದ್ದು ರಾತ್ರಿ ಊಟವಾದ ಮೇಲೆ, ಅಡುಗೆಮನೆಯ ಮೇಜಿನ ಮುಂದೆ. ನನ್ನ ಚೀಟಿಯಲ್ಲಿ ಮೂರರಲ್ಲಿ ಎರಡು ಇದ್ದವು.

ನನ್ನ ಕೈ ಪರೀಕ್ಷೆಗೆ ಬಂದದ್ದು 2013ರ ಜುಲೈ ತಿಂಗಳ ಒಂದು ಮುಂಜಾನೆ. ಧಾರವಾಡದಿಂದ ಅಣ್ಣನ ಫೋನು. ವೈನಿಗೆ ನಸುಕಿನಲ್ಲಿ ಎದ್ದಾಗಿನಿಂದ ಮನೆ ತಿರುಗುತ್ತಿದೆ, ಎಂಟು ಸಲ ವಾಂತಿಯಾಗಿದೆ, ಬೆಂಗಳೂರಿಗೆ ಒಯ್ಯಲು ಆಂಬುಲೆನ್ಸ್ ಹೇಳಿದ್ದೇವೆ ಎಂದ. ಮಳೆಯಲ್ಲೇ ಹೋದೆ. ಖಾನಾವಳಿಯ ಅವ್ವ ನಗುನಗುತ್ತಾ ಸೂಜಿ ಕೇಳಿದ್ದರು. ನಮ್ಮ ವೈನಿ ಇನ್ನೇನು ಉಳಿಯುವುದಿಲ್ಲ ಎನ್ನುವ ಹಾಗೆ ಬೆಳ್ಳಗಾಗಿ ಮಲಗಿದ್ದರು. ಅರವತ್ತೊಂದು ವರ್ಷ. "ಬಂದ್ಯಾ ತಂಗೀ, ನನ್ನ ಮಾರಿ ನೋಡಿಬಿಡು ಒಂದ್ಸಲ. ಕಣ್ಣ ತೆಗದರ ಜಂತಿ ಎಲ್ಲಾ ತಿರಗಲಿಕ್ಕೆ ಹತ್ಯಾವ," ಎಂದರು. ಅಣ್ಣ ಬಾಗಿಲಲ್ಲಿ, ಮಕ್ಕಳು ಕಿಟಕಿಯಲ್ಲಿ, ಎಲ್ಲರ ಕಣ್ಣೂ ನನ್ನ ಮೇಲೆ.

ರೆಪ್ಪೆ ಬಿಡಿಸಿ ನೋಡಿದೆ. ಕಣ್ಣು ಬಲಕ್ಕೆ ಜೋರಾಗಿ ಜಿಗಿಯುತ್ತಿತ್ತು, ಜೊತೆಗೆ ಸಣ್ಣ ತಿರುಚು. ಬಲಕ್ಕೆ ನೋಡಿಸಿದೆ: ಇನ್ನೂ ಜೋರು. ಎಡಕ್ಕೆ, ಅರ್ಧದಾರಿಗೆ ನಿಲ್ಲಿಸಿ ಹತ್ತು ಎಣಿಸಿದೆ: ತಗ್ಗಿತು, ಎಡಕ್ಕೆ ಒಮ್ಮೆಯೂ ಜಿಗಿಯಲಿಲ್ಲ. ನನಗೇ ನಂಬಿಕೆ ಸಾಲದೆ ಮತ್ತೊಮ್ಮೆ ಎಣಿಸಿದೆ. ನನ್ನ ಬೆರಳನ್ನು ನೆಟ್ಟನೋಟದಿಂದ ನೋಡಲು ಹೇಳಿದಾಗ ಓಟ ಸ್ವಲ್ಪ ಮಣಿಯಿತು. ಚೀಲದಲ್ಲಿದ್ದ ಫ್ರೆಂಝೆಲ್ ಕನ್ನಡಕ ಹಾಕಿದೆ. ಅದರ ಗಾಜು ಎಷ್ಟು ದಪ್ಪವೆಂದರೆ ಒಳಗಿನವರಿಗೆ ಹೊರಗಿನದೇನೂ ಸ್ಪಷ್ಟ ಕಾಣುವುದಿಲ್ಲ, ಹೊರಗಿನವರಿಗೆ ಒಳಗಿನ ಕಣ್ಣು ದೊಡ್ಡದಾಗಿ ಕಾಣುತ್ತದೆ. ನೋಡಲು ಗುರಿಯಿಲ್ಲದಾಗ ಓಟ ಮತ್ತೆ ಜೋರಾಯಿತು. ಕಿವಿಯಿಂದ ಹುಟ್ಟಿದ ಓಟವನ್ನು ನೋಟ ಹೀಗೆ ಅದುಮಬಲ್ಲದು. ಮೆದುಳಿನದು ಅಷ್ಟು ಸುಲಭವಾಗಿ ಮಣಿಯುವುದಿಲ್ಲ. ಕಣ್ಣು ಒಂದೊಂದೇ ಮುಚ್ಚಿ ತೆಗೆದೆ, ಮೇಲೆ ಕೆಳಗೆ ಸರಿಯಲಿಲ್ಲ.

ಕೊನೆಗೆ ತಲೆ ಹಿಡಿದೆ. ಬಲಕ್ಕೆ ತಿರುಗಿಸಿದಾಗ ಕಣ್ಣು ನನ್ನ ಮೂಗಿನ ಮೇಲೇ ಇತ್ತು. ಎಡಕ್ಕೆ ತಿರುಗಿಸಿದೆ. ಕಣ್ಣು ತಲೆಯ ಜೊತೆ ಹೋಯಿತು, ಒಂದು ಕ್ಷಣ ಬಿಟ್ಟು ಫಕ್ಕನೆ ನನ್ನ ಮೂಗಿಗೆ ಮರಳಿತು. ಫ್ಯೂಸ್ ಹೋಗಿತ್ತು. ರೋಗಿಯಲ್ಲಿ ಕೆಟ್ಟದ್ದೊಂದನ್ನು ಕಂಡು ನನಗೆ ಅಷ್ಟು ಹಗುರಾದದ್ದು ಅದೇ ಮೊದಲು.

ಆದರೂ ಒಂದು ಮುಳ್ಳು ಉಳಿದಿತ್ತು. ಒಳಗಿವಿಗೆ ರಕ್ತ ಕೊಡುವ ಸಣ್ಣ ನಾಳ ಸಾಮಾನ್ಯವಾಗಿ ಮೆದುಳಿನ ಕಾಂಡಕ್ಕೂ ಚಿಕ್ಕ ಮೆದುಳಿಗೂ ರಕ್ತ ಕೊಡುವ ಒಂದು ನಾಳದಿಂದಲೇ ಕವಲೊಡೆಯುತ್ತದೆ. ಆ ತಾಯಿನಾಳವೇ ಕಟ್ಟಿದರೆ ಪಾರ್ಶ್ವವಾಯುವಾದರೂ ತಲೆ ತಿರುಗಿಸುವ ಪರೀಕ್ಷೆ ಕಿವಿಯನ್ನೇ ತೋರಿಸಿ ಮೋಸ ಮಾಡುತ್ತದೆ. ಆಗ ಒಮ್ಮೆಲೇ ಒಂದು ಕಿವಿ ಕೇಳದಾಗುವುದು ಸುಳಿವು. ವೈನಿಯ ಎರಡೂ ಕಿವಿಯ ಹತ್ತಿರ ಬೆರಳು ಉಜ್ಜಿದೆ. "ಎರಡೂ ಕಡೆ ಕೇಳಸ್ತದ. ನೀ ಏನ ಇರಿವಿ ಹಿಡೀಲಿಕ್ಕೆ ಹತ್ತೀ ಏನ?" ಎಂದರು. ಎಬ್ಬಿಸಿ ಕೂರಿಸಿದೆ, ಎಡಕ್ಕೆ ವಾಲಿದರು, ಆದರೆ ಕುಳಿತರು. ನನ್ನ ಭುಜ ಹಿಡಿದು ನಾಲ್ಕು ಹೆಜ್ಜೆ ಇಟ್ಟರು.

ಎಡಗಿವಿಯ ಸಮತೋಲದ ನರದ ಉರಿಯೂತ, ವೆಸ್ಟಿಬ್ಯುಲರ್ ನ್ಯೂರೈಟಿಸ್. ಆಂಬುಲೆನ್ಸ್ ಬೇಡ, ಏಳೆಂಟು ಗಂಟೆ ಮಳೆಯ ರಸ್ತೆಯಲ್ಲಿ ಅಲುಗಾಡಿಸುವುದು ಬೇಡ, ಇಲ್ಲೇ ಆಸ್ಪತ್ರೆಯಲ್ಲಿ ಎರಡು ದಿನ ಇಡೋಣ ಎಂದೆ. ಅಣ್ಣ ಏನೂ ಹೇಳಲಿಲ್ಲ. ಖಾನಾವಳಿಯ ಕಥೆ ಅವನಿಗೆ ಗೊತ್ತಿತ್ತು. ಆ ಎರಡು ರಾತ್ರಿ ನಾನು ಮೂರು ಮೂರು ಗಂಟೆಗೊಮ್ಮೆ ಟಾರ್ಚು ಹಿಡಿದು ವೈನಿಯ ಕಣ್ಣು ನೋಡಿದೆ. ವಾಂತಿ ನಿಲ್ಲಲು ಔಷಧ ಕೊಟ್ಟೆವು. ಚಕ್ಕರು ಅದುಮುವ ಗುಳಿಗೆಯನ್ನು ಮೂರು ದಿನಕ್ಕೆ ನಿಲ್ಲಿಸಿದೆವು. ತಿಂಗಳುಗಟ್ಟಲೆ ಅದನ್ನು ನುಂಗಿಸುವ ರೂಢಿ ನಮ್ಮಲ್ಲಿದೆ, ಅದರಿಂದ ಮೆದುಳು ಹೊಸ ಲೆಕ್ಕಕ್ಕೆ ಹೊಂದಿಕೊಳ್ಳುವುದು ತಡವಾಗುತ್ತದೆ. ನಾಲ್ಕನೆಯ ದಿನ ಅಣ್ಣನ ಸಮಾಧಾನಕ್ಕೆ ಎಂ.ಆರ್.ಐ. ಮಾಡಿಸಿದೆವು. ಮೆದುಳು ಸ್ವಚ್ಛವಾಗಿತ್ತು. ನನ್ನ ಸಮಾಧಾನಕ್ಕೂ ಹೌದು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಗೋಡೆಯ ಕ್ಯಾಲೆಂಡರಿನ ಒಂದು ತಾರೀಖನ್ನು ದಿಟ್ಟಿಸುತ್ತಾ ತಲೆ ಅಲ್ಲಾಡಿಸುವ ವ್ಯಾಯಾಮ ಹೇಳಿಕೊಟ್ಟೆ. ದಿನಕ್ಕೆ ಮೂರು ಸಲ, ಒಂದೊಂದು ನಿಮಿಷ. "ಎಲ್ಲಾರಿಗೂ ಇಲ್ಲಾ ಇಲ್ಲಾ ಅಂದಂಗ ಕಾಣಸ್ತದ," ಎಂದು ನಕ್ಕರು. ಆರು ವಾರಕ್ಕೆ ಸಂತೆಗೆ ಹೋಗಿಬಂದರು. ವರ್ಷವಾದ ಮೇಲೂ ತಲೆಯನ್ನು ಎಡಕ್ಕೆ ತಿರುಗಿಸಿದರೆ ಕಣ್ಣು ತಪ್ಪಿ ಜಿಗಿಯುತ್ತಿತ್ತು. ನರ ಪೂರ್ತಿ ಮರಳಿರಲಿಲ್ಲ. ಒಂದೇ ಎತ್ತಿನಲ್ಲಿ ಬಂಡಿ ನೆಟ್ಟಗೆ ಹೊಡೆಯುವುದನ್ನು ಮೆದುಳು ಕಲಿತಿತ್ತು.

ಒಂದು ಮಾತು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ. ನನ್ನ ದವಾಖಾನೆಗೆ ಬಂದಿದ್ದ ಎಳೆಯ ಡಾಕ್ಟರೊಬ್ಬರು ಹೊಸದಾಗಿ ಈ ಪರೀಕ್ಷೆ ಕಲಿತ ಹುರುಪಿನಲ್ಲಿ ಒಬ್ಬ ಅಜ್ಜಿಯ ತಲೆ ತಿರುಗಿಸಿ, ನಾರ್ಮಲ್ ಬಂತು, ಪಾರ್ಶ್ವವಾಯು ಇರಬೇಕು ಎಂದು ಮನೆಯವರನ್ನೆಲ್ಲ ಅಳಿಸಿಬಿಟ್ಟಿದ್ದರು. ಆ ಅಜ್ಜಿಗೆ ಇದ್ದದ್ದು ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ ಮಾತ್ರ ಬಂದು ಒಂದು ನಿಮಿಷದೊಳಗೆ ಹೋಗುವ ಚಕ್ಕರು. ಅದು ಒಳಗಿವಿಯಲ್ಲಿ ಸಣ್ಣ ಹರಳುಗಳು ಜಾಗ ತಪ್ಪಿದ್ದರಿಂದ ಆಗುವುದು. ನರ ಸರಿಯಾಗಿಯೇ ಇರುವುದರಿಂದ ಪರೀಕ್ಷೆ ನಾರ್ಮಲ್ ಬರಲೇಬೇಕು. ತಲೆ ತಿರುಗಿಸುವ ಪರೀಕ್ಷೆಗೆ ಅರ್ಥ ಬರುವುದು ಚಕ್ಕರು ಬಿಡದೆ ಇರುವಾಗ, ಕಣ್ಣು ಕಣ್ಣೆದುರೇ ಓಡುತ್ತಿರುವಾಗ ಮಾತ್ರ. ಅಜ್ಜಿಯನ್ನು ಮಲಗಿಸಿ ತಲೆಯನ್ನು ಕ್ರಮವಾಗಿ ಹೊರಳಿಸಿ ಹರಳನ್ನು ಮರಳಿ ಅದರ ಜಾಗಕ್ಕೆ ಇಳಿಸಿದೆವು. ಹತ್ತು ನಿಮಿಷದ ಕೆಲಸ.

ಖಾನಾವಳಿಯ ಅವ್ವ ಬದುಕಿದರು. ರೊಟ್ಟಿ ಬಡಿಯುವುದನ್ನು ಸೊಸೆಗೆ ಬಿಟ್ಟು ಗಲ್ಲೆಯ ಮೇಲೆ ಕುಳಿತುಕೊಳ್ಳಲು ಶುರುಮಾಡಿದರು. ನಡೆಯುವಾಗ ಕಾಲು ಅಗಲಿಸಿ ಇಡುತ್ತಿದ್ದರು, ಚಿಲ್ಲರೆ ಎಣಿಸುವಾಗ ಬಲಗೈ ಒಂದಿಷ್ಟು ತಡವರಿಸುತ್ತಿತ್ತು. ನಾನು ಎಷ್ಟೋ ದಿನ ಆ ರಸ್ತೆ ಬಿಟ್ಟು ಹಿಂದಿನ ಓಣಿಯಿಂದ ಹೋಗುತ್ತಿದ್ದೆ. ವೈನಿ ಗುಣವಾದ ವರ್ಷ ದೀಪಾವಳಿಗೆ ಅವರೇ ಮೊಮ್ಮಗನ ಕೈಯಲ್ಲಿ ರೊಟ್ಟಿಯ ಗಂಟು ಹಿಡಿಸಿಕೊಂಡು ಬಂದರು. ಅವತ್ತು ಹೇಳಿದೆ. ಮೊದಲ ದಿನ ನಿಮ್ಮ ಕಣ್ಣು ಎರಡೂ ಕಡೆ ಜಿಗಿದದ್ದನ್ನು ನಾನು ನೋಡಿದ್ದೆ, ಬರೆದೂ ಇದ್ದೆ, ಅದು ಏನು ಹೇಳುತ್ತದೆಂದು ಓದಲಿಲ್ಲ ಎಂದೆ.

ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಚೀಟಿ ಐತೇನ್ರಿ ಇನ್ನಾ?" ಎಂದು ಕೇಳಿದರು. ತೆಗೆದು ತೋರಿಸಿದೆ. ಅವರಿಗೆ ಓದಲು ಬರುತ್ತಿರಲಿಲ್ಲ. ನಾನು ಬರೆದಿದ್ದ ಎರಡು ಬಾಣದ ಗುರುತಿನ ಮೇಲೆ ಬೆರಳಿಟ್ಟು, ಯಾವುದು ಬಲ, ಯಾವುದು ಎಡ ಎಂದು ಕೇಳಿ ತಿಳಿದುಕೊಂಡರು. ಚೀಟಿಯನ್ನು ಮಡಿಚಿ ನನಗೇ ಮರಳಿ ಕೊಟ್ಟು, ರೊಟ್ಟಿ ಮೆತ್ತಗಾಗುವ ಮೊದಲು ತಿನ್ನಬೇಕೆಂದು ಹೇಳಿ, ಮೊಮ್ಮಗನ ಹೆಗಲು ಹಿಡಿದು ಹೊರಟರು.